ಬ್ಯಾಂಡ್ ಹಾಕಿದರೆ ಹನ್ನೆರಡು, ತೆಗೆದರೆ ಸೊನ್ನೆ: ಮೊದಲ ಪುಲ್-ಅಪ್ ತನಕದ ಹಂತಗಳು

ನನ್ನ ಅಕ್ಕನ ಮಗನಿಗೆ 27 ವರ್ಷ. ತೂಕ 76 ಕೆಜಿ. ಕಲಬುರಗಿಯಲ್ಲೇ ನಾಲ್ಕು ತಿಂಗಳು ಜಿಮ್‌ಗೆ ಹೋಗಿದ್ದ. ಬಾರ್‌ಗೆ ಸಿಕ್ಕಿಸಿದ ದಪ್ಪ ರಬ್ಬರ್ ಬ್ಯಾಂಡಿನಲ್ಲಿ ಕಾಲಿಟ್ಟರೆ ಹನ್ನೆರಡು ಪುಲ್-ಅಪ್ ಹೊಡೆಯುತ್ತಿದ್ದ. ಬ್ಯಾಂಡ್ ತೆಗೆದರೆ ಒಂದೂ ಇಲ್ಲ. ಒಂದು ದಿನ ಮನೆಗೆ ಬಂದವನೇ, "ಮಾಮಾ, ಹನ್ನೆರಡು ಆಗ್ತಾವ, ಒಂದು ಆಗವಲ್ದು. ಏನಿದು?" ಅಂದ.

ನನ್ನ ಹತ್ತಿರ ಕಲಿಯಲು ಬರುವ ಹುಡುಗರಲ್ಲಿ ಅರ್ಧದಷ್ಟು ಜನರ ಗೋಳು ಇದೇ. ಉಳಿದ ಅರ್ಧ ಜನ ಬ್ಯಾಂಡ್ ಮುಟ್ಟಿರುವುದಿಲ್ಲ. ಅವರು ಸ್ಟೂಲ್ ಹತ್ತಿ, ಗದ್ದ ಬಾರ್ ಮೇಲಿಟ್ಟು, ನಿಧಾನವಾಗಿ ಇಳಿಯುವುದನ್ನೇ ಮಾಡಿಕೊಂಡು ಬಂದಿರುತ್ತಾರೆ. ಇದಕ್ಕೆ ಜಿಮ್ ಭಾಷೆಯಲ್ಲಿ ನೆಗೆಟಿವ್ ಅನ್ನುತ್ತಾರೆ. ಅವರಿಗೂ ಒಂದು ಪುಲ್-ಅಪ್ ಬರುವುದಿಲ್ಲ.

ಎರಡೂ ಗುಂಪಿನವರು ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ. ಕೈ ಪೂರ್ತಿ ನೆಟ್ಟಗೆ ಮಾಡಿ ಜೋತುಬಿದ್ದಾಗ, ಅಲ್ಲಿಂದ ಮೇಲೇಳುವ ಮೊದಲ ಮೂರ್ನಾಲ್ಕು ಇಂಚು. ಬ್ಯಾಂಡ್ ಅತಿ ಹೆಚ್ಚು ಹಿಗ್ಗಿರುವುದು ಅಲ್ಲೇ, ಹಾಗಾಗಿ ಅತಿ ಹೆಚ್ಚು ಎತ್ತಿಕೊಡುವುದೂ ಅಲ್ಲೇ. ಆ ಇಂಚುಗಳಲ್ಲಿ ನಿಮ್ಮ ಕೆಲಸವನ್ನು ರಬ್ಬರ್ ಮಾಡಿರುತ್ತದೆ. ನೆಗೆಟಿವ್ ಮಾಡುವವರದ್ದು ಬೇರೆ ಕಥೆ. ಮೇಲಿನ ಅರ್ಧ ದಾರಿ ಚೆಂದ ಇಳಿಯುತ್ತಾರೆ, ಮೊಣಕೈ ಅರ್ಧ ಬಿಚ್ಚಿದ ಮೇಲೆ ಶಕ್ತಿ ಮುಗಿದು ದಬಕ್ಕನೆ ಬೀಳುತ್ತಾರೆ. ಅಂದರೆ ಕೆಳಗಿನ ಭಾಗಕ್ಕೆ ಇಬ್ಬರಲ್ಲಿ ಯಾರೂ ತಾಲೀಮು ಕೊಟ್ಟೇ ಇಲ್ಲ. ಮುಂದಿನ ಹಂತಗಳೆಲ್ಲ ಈ ಒಂದು ತೂತು ಮುಚ್ಚುವುದಕ್ಕೆ ಅಂತ ತಿಳಿಯಿರಿ.

ಹಂತ 1: ಬಾರ್, ಸ್ಟೂಲ್, ಬ್ಯಾಂಡ್

ಬಾರ್ ತುಂಬಾ ದಪ್ಪ ಇರಬಾರದು. ಬೆರಳುಗಳು ಸುತ್ತಿ ಹೆಬ್ಬೆರಳು ಅವುಗಳ ಮೇಲೆ ಕೂರುವಂತಿರಬೇಕು. 28ರಿಂದ 34 ಮಿಲಿಮೀಟರ್ ದಪ್ಪ ಹೆಚ್ಚಿನವರ ಕೈಗೆ ಹೊಂದುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ "ಒಂದು ಇಂಚಿನ ಜಿಐ ಪೈಪ್" ಅಂತ ಕೇಳಿದರೆ ಸಿಗುವ ಪೈಪಿನ ಹೊರಗಿನ ದಪ್ಪ ಸುಮಾರು 34 ಮಿಲಿಮೀಟರ್ ಇರುತ್ತದೆ. ಒಂದು ಇಂಚು ಅನ್ನುವುದು ಒಳಗಿನ ತೂತಿನ ಲೆಕ್ಕ. ಅಂಗೈ ಸಣ್ಣದಿದ್ದರೆ ಮುಕ್ಕಾಲು ಇಂಚಿನದು ತನ್ನಿ. ಅದರ ಹೊರದಪ್ಪ ಸುಮಾರು 27 ಬರುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗರ್ಡರ್ ಮೇಲೆ ಶಹಾಬಾದ್ ಕಲ್ಲು ಹಾಸಿದ ಛಾವಣಿ ಇರುತ್ತದೆ, ಅಲ್ವಾ? ಆ ಕಬ್ಬಿಣದ ಗರ್ಡರ್‌ಗೆ ವೆಲ್ಡಿಂಗ್‌ನವರಿಂದ ಕೊಂಡಿ ಮಾಡಿಸಿ ಪೈಪ್ ತೂಗುಹಾಕಬಹುದು. ಆದರೆ ತುಕ್ಕು ಹಿಡಿದ ಗರ್ಡರ್ ಮುಟ್ಟಬೇಡಿ, ಕಲ್ಲಿನ ಚಪ್ಪಡಿಗೂ ತೂಕ ಬಿಡಬೇಡಿ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿ ಮಾಡುವ ಬಾರ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸಾಗವಾನಿಯ ಹಳೆ ಚೌಕಟ್ಟಿಗೆ ಸ್ಕ್ರೂ ಹೊಡೆದು ಕೂರಿಸಿದರೆ ಸರಿ. ಬರೀ ಒತ್ತಡದ ಮೇಲೆ ನಿಂತ ಬಾರ್‌ಗೆ ಬ್ಯಾಂಡ್ ಸಿಕ್ಕಿಸಿ ಎಳೆದರೆ ಒಂದಿಲ್ಲೊಂದು ದಿನ ಅದು ಜಾರುತ್ತದೆ.

ಪಾರ್ಕಿನ ಕಂಬಿಯೂ ಆಗುತ್ತದೆ. ಆದರೆ ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಒಂಬತ್ತು ಗಂಟೆಗೆಲ್ಲ ಕಂಬಿ ಹಂಚಿನಂತೆ ಕಾದಿರುತ್ತದೆ, ಬೆವರಿಗೆ ಕೈಯೂ ನಿಲ್ಲುವುದಿಲ್ಲ.

ಸ್ಟೂಲ್ ಗಟ್ಟಿ ಇರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಅದರ ಮೇಲೆ ನಿಂತರೆ ಗದ್ದ ಬಾರ್ ಮಟ್ಟಕ್ಕೆ ಹತ್ತಿರ ಬರಬೇಕು. ಬಾರ್ ತೀರಾ ಎತ್ತರ ಇದ್ದರೆ ಅಷ್ಟು ಎತ್ತರದ ಸ್ಟೂಲ್ ಸಿಗುವುದಿಲ್ಲ, ಜಿಗಿಯುವ ಚಟ ಶುರುವಾಗುತ್ತದೆ. ಬಾರ್ ಹಾಕಿಸುವಾಗಲೇ ಇದನ್ನು ನೋಡಿಕೊಳ್ಳಿ.

ಇನ್ನು ಬ್ಯಾಂಡ್. ಬಳೆಯಂತೆ ಮುಚ್ಚಿರುವ, 41 ಇಂಚು ಉದ್ದದ ಲೂಪ್ ಬ್ಯಾಂಡ್ ಬೇಕು. ಹಿಡಿಕೆ ಇರುವ ಟ್ಯೂಬ್ ಈ ಕೆಲಸಕ್ಕೆ ಬರುವುದಿಲ್ಲ. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಸಿರು ಇನ್ನೊಂದು ಕಂಪನಿಯ ನೇರಳೆ ಆಗಿರುತ್ತದೆ. ಅಗಲ ನೋಡಿ. 13 ಮಿಲಿಮೀಟರಿನದು ಒಂದು, 22ರದ್ದು ಒಂದು ಸಾಕು. ತೂಕ 75 ಕೆಜಿ ದಾಟಿದವರು ಮತ್ತು ಇದುವರೆಗೆ ಜೋತೇ ಬೀಳದವರು 32ರದ್ದನ್ನೂ ತೆಗೆದುಕೊಳ್ಳಲಿ.

ಇವು ಲ್ಯಾಟೆಕ್ಸ್ ರಬ್ಬರಿನವು. ನಮ್ಮ ಬಿಸಿಲಿಗೆ ಬೇಗ ಸಾಯುತ್ತವೆ. ಮಾಳಿಗೆ ಮೇಲೆ, ಬೈಕ್ ಡಿಕ್ಕಿಯಲ್ಲಿ ಬಿಡಬೇಡಿ. ಪ್ರತಿ ಸಲ ಹಾಕುವ ಮುಂಚೆ ಕೈಯಲ್ಲಿ ಹಿಗ್ಗಿಸಿ ಅಂಚು ನೋಡಿ. ಕೂದಲೆಳೆಯಷ್ಟು ಸೀಳು ಕಂಡರೂ ಎಸೆಯಿರಿ. ಹಿಗ್ಗಿದ ಬ್ಯಾಂಡ್ ಕಾಲಿನಿಂದ ಜಾರಿದರೆ ನೇರ ಮುಖಕ್ಕೆ ಬರುತ್ತದೆ. ಹಾಗಾಗಿ ಇಳಿಯುವಾಗ ಮೊದಲು ಸ್ಟೂಲ್ ಮೇಲೆ ಒಂದು ಕಾಲು ಊರಿ, ಮುಖ ಪಕ್ಕಕ್ಕೆ ತಿರುಗಿಸಿ, ಬ್ಯಾಂಡನ್ನು ಕೈಯಲ್ಲಿ ಹಿಡಿದು, ಆಮೇಲೆ ಕಾಲು ಹೊರಗೆ ತೆಗೆಯಿರಿ.

ಹಂತ 2: ಜೋತುಬೀಳುವುದು, ಭುಜ ಕೆಳಗೆ ಎಳೆಯುವುದು

ಅಂಗೈ ಆಚೆ ಕಡೆ ಇರಲಿ. ಕೈಗಳ ನಡುವೆ ಭುಜದಷ್ಟು ಅಂತರ, ಬೇಕಿದ್ದರೆ ಎರಡು ಬೆರಳು ಜಾಸ್ತಿ. ಕೈ ಅಗಲ ಹಿಡಿದರೆ ಬೆನ್ನು ಅಗಲ ಆಗುತ್ತದೆ ಅಂತ ಹುಡುಗರು ನಂಬಿರುತ್ತಾರೆ. ಮೊದಲ ಪುಲ್-ಅಪ್‌ಗೆ ಅಗಲ ಹಿಡಿತ ಬರೀ ಅಡ್ಡಿ.

ಕೈ ಪೂರ್ತಿ ನೆಟ್ಟಗೆ ಬಿಟ್ಟು 30 ಸೆಕೆಂಡ್ ಜೋತುಬೀಳಲು ಆಗುತ್ತದಾ ನೋಡಿ. ಆಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಸಲ, ಆದಷ್ಟು ಹೊತ್ತು ಜೋತುಬೀಳಿ. ಬಹಳ ಜನರಿಗೆ ಎರಡು ಮೂರು ವಾರದಲ್ಲಿ 30 ಮುಟ್ಟುತ್ತದೆ. ಬೆರಳು ಬಿಚ್ಚಿಕೊಳ್ಳುವವನಿಗೆ ಬೆನ್ನಿನಲ್ಲಿ ಎಷ್ಟು ಶಕ್ತಿ ಇದ್ದರೇನು?

ಎರಡನೆಯ ಕೆಲಸ ಚಿಕ್ಕದು, ಆದರೆ ಎಲ್ಲರೂ ಹಾರಿಸುವುದು ಇದನ್ನೇ. ಜೋತುಬಿದ್ದಾಗ ಭುಜ ಕಿವಿಯ ಹತ್ತಿರ ಏರಿರುತ್ತದೆ. ಮೊಣಕೈ ಸ್ವಲ್ಪವೂ ಮಡಚದೆ ಭುಜವನ್ನು ಕಿವಿಯಿಂದ ದೂರ ಕೆಳಗೆ ಎಳೆಯಿರಿ. ಬೆನ್ನಿನ ಮೇಲಿನ ಎರಡು ಹಲಗೆಯಂಥ ಎಲುಬುಗಳು ಪ್ಯಾಂಟಿನ ಹಿಂದಿನ ಜೇಬಿಗೆ ಇಳಿಯುತ್ತಿವೆ ಅಂದುಕೊಳ್ಳಿ. ಮೈ ಒಂದೆರಡು ಇಂಚು ಮೇಲೇಳುತ್ತದೆ. ಎರಡು ಸೆಕೆಂಡ್ ಅಲ್ಲೇ ನಿಂತು ನಿಧಾನ ಬಿಡಿ. ಹೀಗೆ ಐದರಿಂದ ಎಂಟು ಸಲ, ಮೂರು ಸುತ್ತು. ಇದನ್ನು ಸ್ಕ್ಯಾಪುಲರ್ ಪುಲ್ ಅನ್ನುತ್ತಾರೆ. ಪುಲ್-ಅಪ್ ಶುರುವಾಗುವುದೇ ಇದರಿಂದ. ಆ ಮೊದಲ ಮೂರ್ನಾಲ್ಕು ಇಂಚಿನಲ್ಲಿ ಅರ್ಧ ಇಲ್ಲೇ ಸಿಕ್ಕಿತು ನೋಡಿ.

ತಪ್ಪು ಮಾಡುತ್ತಿದ್ದೀರಾ ಅಂತ ತಿಳಿಯಲು ಫೋನನ್ನು ಹಿಂದೆ ಇಟ್ಟು ವಿಡಿಯೋ ತೆಗೆಯಿರಿ. ಮೊಣಕೈ ಮಡಚುತ್ತಿದ್ದರೆ ನೀವು ತೋಳಿನಿಂದ ಕದಿಯುತ್ತಿದ್ದೀರಿ ಅಂತ ಅರ್ಥ. ಭುಜ ಹಿಂದೊಮ್ಮೆ ಸ್ಥಾನ ತಪ್ಪಿದ್ದವರು, ಜೋತುಬಿದ್ದಾಗ ಭುಜದ ಒಳಗೆ ಚುಚ್ಚಿದಂತೆ ಆಗುವವರು ಇಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮುಂದಿನ ಹಂತಗಳಲ್ಲಿ ಭುಜದ ಮೇಲೆ ಇದಕ್ಕಿಂತ ಜಾಸ್ತಿ ಹೊರೆ ಬೀಳುತ್ತದೆ.

ಹಂತ 3: ನೆಗೆಟಿವ್, ಮೂರು ತುಂಡು ಮಾಡಿ

ಸ್ನಾಯುವಿಗೆ ಎತ್ತಲು ಆಗದ ತೂಕವನ್ನು ತಡೆದು ಇಳಿಸಲು ಆಗುತ್ತದೆ. ತುಂಬಿದ ಗೋಧಿ ಚೀಲ ಒಬ್ಬರೇ ಅಟ್ಟಕ್ಕೆ ಏರಿಸಲು ಆಗದಿದ್ದರೂ ಅಟ್ಟದಿಂದ ನಿಧಾನ ಇಳಿಸಬಹುದು, ಹಾಗೆ. ಒಂದೂ ಪುಲ್-ಅಪ್ ಬಾರದವನಿಗೆ ನೆಗೆಟಿವ್ ಸಾಧ್ಯವಾಗುವುದು ಇದೇ ಕಾರಣಕ್ಕೆ. ಮಾರನೇ ದಿನ ಮೈಕೈ ಜಾಸ್ತಿ ನೋಯುವುದಕ್ಕೂ ಇದೇ ಕಾರಣ.

ಸ್ಟೂಲ್ ಹತ್ತಿ ಬಾರ್ ಹಿಡಿಯಿರಿ. ಗದ್ದ ಬಾರಿಗಿಂತ ಮೇಲೆ, ಭುಜ ಕೆಳಗೆ, ಎದೆ ಬಾರಿನ ಹತ್ತಿರ. ಕಾಲು ಮೆಲ್ಲಗೆ ಎತ್ತಿ. ಒಂದು ಸೆಕೆಂಡ್ ಅಲ್ಲೇ ನಿಲ್ಲಿ. ನಿಲ್ಲಲು ಆಗಲಿಲ್ಲ ಅಂದರೆ ಇನ್ನೂ ಇಳಿಯುವ ಸಮಯ ಬಂದಿಲ್ಲ, ಒಂದು ವಾರ ಮೇಲೆ ನಿಲ್ಲುವುದನ್ನೇ ಮಾಡಿ.

ಇಳಿಯುವ ದಾರಿಯನ್ನು ಮೂರು ತುಂಡು ಮಾಡಿ. ಗದ್ದದಿಂದ ತಲೆಯ ತುದಿ ಬಾರ್ ಮಟ್ಟಕ್ಕೆ ಬರುವ ತನಕ ಒಂದು. ಅಲ್ಲಿಂದ ಮೊಣಕೈ ಮುಕ್ಕಾಲು ಬಿಚ್ಚುವ ತನಕ ಎರಡು. ಅಲ್ಲಿಂದ ಕೈ ಪೂರ್ತಿ ನೆಟ್ಟಗಾಗುವ ತನಕ ಮೂರು. ಮೊದಲ ಎರಡು ತುಂಡಿಗೆ ತಲಾ ಎರಡು ಎಣಿಕೆ, ಮೂರನೆಯದಕ್ಕೆ ನಾಲ್ಕು. ಒಟ್ಟು ಎಂಟು ಸೆಕೆಂಡ್. "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿದರೆ ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಆಗುತ್ತದೆ. ಸುಮ್ನೆ ಒಂದು, ಎರಡು ಅಂದರೆ ಕಷ್ಟವಾದಾಗ ಎಣಿಕೆ ತಾನಾಗಿ ಓಡುತ್ತದೆ. ನನ್ನ ಅಕ್ಕನ ಮಗ ಎಂಟು ಎಣಿಸಿದ್ದನ್ನು ವಿಡಿಯೋದಲ್ಲಿ ನೋಡಿದರೆ ಐದು ಸೆಕೆಂಡೂ ಇರಲಿಲ್ಲ.

ಎಲ್ಲರೂ ಮೇಲಿನ ತುಂಡಿನಲ್ಲಿ ಆರು ಸೆಕೆಂಡ್ ಖರ್ಚು ಮಾಡಿ ಕೆಳಗೆ ಬೀಳುತ್ತಾರೆ. ನೀವು ತಿರುಗುಮುರುಗು ಮಾಡಬೇಕು. ಮೇಲೆ ಸ್ವಲ್ಪ ಬೇಗ ಇಳಿದರೂ ಪರವಾಗಿಲ್ಲ, ಮೂರನೆಯ ತುಂಡಿಗೆ ಶಕ್ತಿ ಉಳಿಸಿಕೊಳ್ಳಿ. ಕೈ ನೆಟ್ಟಗಾದ ಮೇಲೂ ಭುಜ ತಕ್ಷಣ ಕಿವಿಗೆ ಏರಲು ಬಿಡಬೇಡಿ. ಒಂದು ಎಣಿಕೆ ಹಿಡಿದು ಆಮೇಲೆ ಬಿಡಿ. ಮುಗಿದ ಮೇಲೆ ಸ್ಟೂಲ್ ಹತ್ತಿಯೇ ಮೇಲೆ ಹೋಗಿ, ಜಿಗಿಯಬೇಡಿ. ಜಿಗಿದಾಗ ಮೈ ತೂಗಾಡುತ್ತದೆ, ಮೊಣಕೈಗೆ ಜಟಕಾ ಹೊಡೆಯುತ್ತದೆ.

ಎಷ್ಟು ಸಲ? ಮೊದಲ ವಾರ ದಿನಕ್ಕೆ ಮೂರೇ ಮೂರು. ಯಾವ ಯಾವ ದಿನ ಅನ್ನುವುದು ಹಂತ 6ರಲ್ಲಿದೆ. ಒಂದೊಂದರ ನಡುವೆ ಎರಡು ನಿಮಿಷ ವಿಶ್ರಾಂತಿ. ಕಡಿಮೆ ಅನ್ನಿಸುತ್ತದೆ, ಗೊತ್ತು. ಎರಡನೆಯ ದಿನದ ನೋವು ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಆಮೇಲೆ ವಾರಕ್ಕೆ ಒಂದರಂತೆ ಏರಿಸಿ ಆರರಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಸಂಖ್ಯೆ ಬೇಡ, ಸೆಕೆಂಡ್ ಏರಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯುವ ಅಗತ್ಯ ನನಗೆ ಕಂಡಿಲ್ಲ.

ಅವತ್ತಿನ ಕೆಲಸ ಮುಗಿಯಿತು ಅನ್ನುವ ಗುರುತು ಒಂದೇ. ಮೂರನೆಯ ತುಂಡು ಕೈತಪ್ಪಿ ಬಿದ್ದರೆ ಅಲ್ಲಿಗೆ ನಿಲ್ಲಿಸಿ, ಲೆಕ್ಕದಲ್ಲಿ ಇನ್ನೂ ಎರಡು ಬಾಕಿ ಇದ್ದರೂ.

ಇಲ್ಲಿ ಒಂದು ಎಚ್ಚರಿಕೆ. ತೋಳು ನೋಯುವುದು ಸಹಜ. ಎರಡನೇ ದಿನ ಜಾಸ್ತಿ ಇದ್ದು ನಾಲ್ಕನೇ ದಿನಕ್ಕೆ ಇಳಿಯುತ್ತದೆ. ಆದರೆ ತೋಳು ಊದಿಕೊಂಡು ಮೊಣಕೈ ನೆಟ್ಟಗಾಗದೇ ಇದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ನೋವಲ್ಲ. ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ. ಅಭ್ಯಾಸ ಇಲ್ಲದವರು ಮೊದಲ ದಿನವೇ ಮೂವತ್ತು ನಲವತ್ತು ನೆಗೆಟಿವ್ ಹೊಡೆದಾಗ, ಅದರಲ್ಲೂ ಸೆಕೆಯಲ್ಲಿ ನೀರು ಕುಡಿಯದೆ ಮಾಡಿದಾಗ ಇದು ಆಗಬಹುದು. ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹಂತ 4: ಬ್ಯಾಂಡ್ ಎಷ್ಟು ಎತ್ತಿಕೊಡುತ್ತಿದೆ ಅಂತ ಅಳೆಯಿರಿ

ಪ್ಯಾಕೆಟ್ ಮೇಲೆ "20ರಿಂದ 50 ಕೆಜಿ" ಅಂತ ಏನೋ ಬರೆದಿರುತ್ತಾರೆ. ನಿಮ್ಮ ಬಾರ್, ನಿಮ್ಮ ಎತ್ತರಕ್ಕೆ ಅದು ಎಷ್ಟು ಅಂತ ಅದರಿಂದ ತಿಳಿಯುವುದಿಲ್ಲ. ಮನೆಯ ತೂಕದ ಯಂತ್ರದಿಂದ ಅಳೆಯಬಹುದು.

ಬ್ಯಾಂಡನ್ನು ಬಾರ್ ಮೇಲೆ ಹಾಕಿ, ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ ಎಳೆದು ಬಿಗಿ ಮಾಡಿ. ಬಾರಿನ ಕೆಳಗೆ ತೂಕದ ಯಂತ್ರ ಇಟ್ಟು ಅದರ ಮೇಲೆ ನಿಲ್ಲಿ. ಜೋತುಬಿದ್ದಾಗ ನಿಮ್ಮ ಪಾದ ಎಷ್ಟು ಎತ್ತರದಲ್ಲಿ ಇರುತ್ತದೋ ಅಲ್ಲಿಯ ತನಕ, ಕುಕ್ಕರುಗಾಲಲ್ಲಿ ಕೂತು, ಬ್ಯಾಂಡನ್ನು ಎರಡೂ ಕೈಯಿಂದ ಕೆಳಗೆ ಎಳೆದು ಹಿಡಿಯಿರಿ. ಬ್ಯಾಂಡ್ ನಿಮ್ಮನ್ನು ಮೇಲೆ ಎಳೆಯುವುದರಿಂದ ಯಂತ್ರ ನಿಮ್ಮ ತೂಕ ಕಡಿಮೆ ತೋರಿಸುತ್ತದೆ. ಎಷ್ಟು ಕಡಿಮೆಯೋ ಅಷ್ಟು ಸಹಾಯ. ಅದೇ ರೀತಿ, ಗದ್ದ ಬಾರ್ ಮೇಲೆ ಇದ್ದಾಗ ಪಾದ ಇರುವ ಎತ್ತರದಲ್ಲೂ ಹಿಡಿದು ನೋಡಿ. ಯಂತ್ರದ ಅಂಕಿ ಓದಲು ಪಕ್ಕದಲ್ಲಿ ಒಬ್ಬರು ಇದ್ದರೆ ಸುಲಭ.

ನನ್ನ ಅಕ್ಕನ ಮಗನ 32 ಮಿಲಿಮೀಟರಿನ ಬ್ಯಾಂಡ್ ಹೀಗೆ ಅಳೆದೆವು. ಕೆಳಗೆ 76ರ ಬದಲು ಯಂತ್ರ 43 ತೋರಿಸಿತು. ಅಂದರೆ 33 ಕೆಜಿ ಬ್ಯಾಂಡ್ ಎತ್ತುತ್ತಿದೆ. ಮೇಲೆ 20 ಕೆಜಿ. "ಹನ್ನೆರಡು ಪುಲ್-ಅಪ್" ಅಂತ ಅವನು ಹೇಳುತ್ತಿದ್ದದ್ದು, ಶುರುವಿನ ಇಂಚುಗಳಲ್ಲಿ 43 ಕೆಜಿಯ ಹುಡುಗನ ಪುಲ್-ಅಪ್. ಅವನ ಮುಖ ಸಣ್ಣದಾಯಿತು, ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸಹಾಯ ಕಡಿಮೆ ಮಾಡಲು ಪ್ರತಿ ಸಲ ಹೊಸ ಬ್ಯಾಂಡ್ ಕೊಳ್ಳಬೇಕಾಗಿಲ್ಲ. ಪಾದದ ಬದಲು ಮೊಣಕಾಲು ಇಟ್ಟರೆ ಸಾಕು. 170 ಸೆಂಟಿಮೀಟರ್ ಎತ್ತರದವನಿಗೆ ಜೋತುಬಿದ್ದಾಗ ಬಾರಿನಿಂದ ಪಾದಕ್ಕೆ ಸುಮಾರು ಎರಡು ಮೀಟರ್, ಮೊಣಕಾಲಿಗೆ ಸುಮಾರು ಒಂದೂವರೆ. 41 ಇಂಚಿನ ಬ್ಯಾಂಡ್ ಗಂಟು ಕಳೆದು ಒಂದು ಮೀಟರಿಗಿಂತ ತುಸು ಕಡಿಮೆ ಇಳಿಬಿದ್ದಿರುತ್ತದೆ. ಮೊಣಕಾಲು ಇಟ್ಟರೆ ಬ್ಯಾಂಡ್ ಹಿಗ್ಗುವುದು ಅರ್ಧದಷ್ಟು, ಮೇಲೆ ಹೋದಾಗ ಹೆಚ್ಚುಕಡಿಮೆ ಸಡಿಲ. ಹಾಗಾಗಿ ಮೇಲಿನ ಭಾಗ ಪೂರ್ತಿ ನಿಮ್ಮದೇ ಆಗುತ್ತದೆ. ಏಣಿಯ ಮೆಟ್ಟಿಲುಗಳು ಈ ಕ್ರಮದಲ್ಲಿ: 32 ಪಾದಕ್ಕೆ, 22 ಪಾದಕ್ಕೆ, 22 ಮೊಣಕಾಲಿಗೆ, 13 ಪಾದಕ್ಕೆ, 13 ಮೊಣಕಾಲಿಗೆ. ಅವನಿಗೆ ಮೂರನೇ ಮೆಟ್ಟಿಲಲ್ಲಿ ಕೆಳಗಿನ ಸಹಾಯ 12 ಕೆಜಿ, ನಾಲ್ಕನೆಯದರಲ್ಲಿ 9. ನಿಮ್ಮ ಬ್ಯಾಂಡಿನ ಲೆಕ್ಕ ಬೇರೆ ಬರಬಹುದು, ಕ್ರಮವೂ ಹಿಂದುಮುಂದಾಗಬಹುದು. ಅದಕ್ಕೇ ಅಳೆಯಿರಿ ಅಂದದ್ದು.

ಹಂತ 5: ಬ್ಯಾಂಡ್ ಪುಲ್-ಅಪ್, ಕೆಳಗೆ ನಿಂತು

ಜಿಮ್‌ನಲ್ಲಿ ಬ್ಯಾಂಡ್ ಹಾಕಿದವರನ್ನು ಗಮನಿಸಿ. ಕೆಳಗೆ ಬಂದ ತಕ್ಷಣ ಬ್ಯಾಂಡಿನ ಪುಟಿತದಲ್ಲಿ ಚೆಂಡಿನಂತೆ ಮೇಲೆ ಹೋಗುತ್ತಾರೆ. ಎಣಿಕೆ ಏರುತ್ತದೆ, ಶಕ್ತಿ ಅಲ್ಲ.

ಪ್ರತಿಯೊಂದರ ಕೆಳಗೆ ಎರಡು ಸೆಕೆಂಡ್ ಸತ್ತಂತೆ ನಿಲ್ಲಿ. ಕೈ ನೆಟ್ಟಗೆ, ತೂಗಾಟ ಇಲ್ಲ. ಮೊದಲು ಭುಜ ಕೆಳಗೆ ಎಳೆಯಿರಿ, ಆಮೇಲೆ ಮೊಣಕೈಗಳನ್ನು ಪಕ್ಕೆಲುಬಿನ ಕಡೆ ಇಳಿಸಿ. ಬಾರ್ ಕಡೆಗೆ ಗದ್ದ ಚಾಚಬೇಡಿ, ಎದೆ ತನ್ನಿ. ಕತ್ತು ಚಾಚಿ ಗದ್ದ ದಾಟಿಸುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಮೇಲೆ ಒಂದು ಸೆಕೆಂಡ್ ನಿಂತು ಮೂರು ಎಣಿಕೆಯಲ್ಲಿ ಇಳಿಯಿರಿ.

ನಾಲ್ಕು ಅಥವಾ ಐದು ಮಾತ್ರ ಸಾಧ್ಯವಾಗುವ ಮೆಟ್ಟಿಲು ನಿಮ್ಮದು. ಹನ್ನೆರಡು ಬಂದರೆ ಬ್ಯಾಂಡ್ ದಪ್ಪ ಆಯಿತು. ಎರಡು ಮಾತ್ರ ಬಂದರೆ ತೆಳು ಆಯಿತು. ಮೂರು ಸುತ್ತು ಮಾಡಿ, ನಡುವೆ ಎರಡರಿಂದ ಮೂರು ನಿಮಿಷ ಬಿಡಿ. ಮೂರೂ ಸುತ್ತಿನಲ್ಲಿ, ಕೆಳಗೆ ನಿಂತು, ಆರು ಆರು ಬಂದ ದಿನ ಮುಂದಿನ ಮೆಟ್ಟಿಲಿಗೆ ಹೋಗಿ. ಹೋದ ಮೊದಲ ದಿನ ಮೂರಕ್ಕೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ.

ಹಂತ 6: ವಾರದ ಲೆಕ್ಕ

ಸೋಮವಾರ ನೆಗೆಟಿವ್. ಗುರುವಾರ ಬ್ಯಾಂಡ್. ಶನಿವಾರ ಎರಡೂ ಸೇರಿಸಿ ಅರ್ಧರ್ಧ, ಅಂದರೆ ಮೂರು ನೆಗೆಟಿವ್ ಮತ್ತು ಎರಡು ಸುತ್ತು ಬ್ಯಾಂಡ್. ಮೊದಲ ಎರಡು ವಾರ ಶನಿವಾರವನ್ನು ಬಿಟ್ಟುಬಿಡಿ. ಎಲ್ಲಾ ದಿನ ಶುರುವಿಗೆ ಒಂದು ಸುತ್ತು ಜೋತುಬಿದ್ದು, ಒಂದು ಸುತ್ತು ಸ್ಕ್ಯಾಪುಲರ್ ಪುಲ್ ಮಾಡಿ.

ಒಂದೇ ದಿನ ಎರಡನ್ನೂ ಮಾಡುವಾಗ ನೆಗೆಟಿವ್ ಮೊದಲಿರಲಿ. ದಣಿದ ಕೈಯಿಂದ ಮೂರನೆಯ ತುಂಡು ಹಿಡಿಯಲು ಆಗುವುದಿಲ್ಲ.

ಅಕ್ಕನ ಮಗ ಎರಡು ವಾರ ಹೇಳಿದಂತೆ ಮಾಡಿದ. ಮೂರನೇ ವಾರ ಹುಮ್ಮಸ್ಸು ಬಂದು ದಿನಾ ನೆಗೆಟಿವ್ ಶುರು ಮಾಡಿದ. ಆರನೇ ದಿನ ಮೊಣಕೈ ಒಳಬದಿಯ ಗುಬುಟು ಎಲುಬಿನ ಹತ್ತಿರ ನೋವು. ಬೈಕಿನ ಕ್ಲಚ್ ಒತ್ತಿದರೆ ಚುಳಕ್ ಅನ್ನುತ್ತಿತ್ತಂತೆ. ಒಂಬತ್ತು ದಿನ ಬಾರ್ ಮುಟ್ಟಬೇಡ ಅಂದೆ. ಆಮೇಲೆ ಅರ್ಧ ಲೆಕ್ಕದಿಂದ ಶುರು ಮಾಡಿಸಿದೆ. ಉಳಿಸಲು ಹೋದ ನಾಲ್ಕು ದಿನಕ್ಕೆ ಹೆಚ್ಚುಕಡಿಮೆ ಮೂರು ವಾರ ಕಳೆದುಕೊಂಡ.

ಸ್ನಾಯುವಿಗಿಂತ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟಿದ ಹುರಿ, ನಿಧಾನವಾಗಿ ಗಟ್ಟಿಯಾಗುತ್ತದೆ. ತೋಳು "ಇನ್ನೂ ಮಾಡು" ಅನ್ನುವ ಹೊತ್ತಿಗೆ ಮೊಣಕೈ ಹಿಂದೆ ಉಳಿದಿರುತ್ತದೆ. ಮೈ ಬಿಸಿಯಾದ ಮೇಲೆ ಮಾಯವಾಗಿ, ಮಾರನೇ ಬೆಳಗ್ಗೆ ಮತ್ತೆ ಬರುವ ನೋವು ಇದ್ದರೆ ಲೆಕ್ಕ ಅರ್ಧ ಮಾಡಿ. ತುಂಬಿದ ಕೊಡ ಎತ್ತುವಾಗ, ಕ್ಲಚ್ ಒತ್ತುವಾಗ ನೋವಾದರೆ ಪೂರ್ತಿ ನಿಲ್ಲಿಸಿ. ಎರಡು ವಾರ ಬಿಟ್ಟರೂ ಹೋಗದಿದ್ದರೆ ಫಿಸಿಯೋಥೆರಪಿಯವರಿಗೆ ತೋರಿಸಿ. ಎಣ್ಣೆ ತಿಕ್ಕಿಕೊಂಡು ಅದರ ಮೇಲೆ ಮುಂದುವರಿಸುವವರನ್ನು ಬಹಳ ನೋಡಿದ್ದೇನೆ. ಆರು ತಿಂಗಳು ಕೈ ಹಿಡಿದುಕೊಂಡು ಓಡಾಡುತ್ತಾರೆ.

ಹಂತ 7: ಪರೀಕ್ಷೆ, ಮತ್ತು ಎಲ್ಲಿ ನಿಂತಿರಿ ಅನ್ನುವುದು

ದಿನಾ ಒಂದು ಸಲ ಪ್ರಯತ್ನಿಸಿ ನೋಡುವ ಚಟ ಬೇಡ. ಪೂರ್ತಿ ಬಲ ಹಾಕಿ ಸೋತ ಪ್ರಯತ್ನವೂ ಮೊಣಕೈಗೆ ಹೊರೆಯೇ. ಎರಡು ವಾರಕ್ಕೊಮ್ಮೆ, ಹಿಂದಿನ ದಿನ ಬಿಡುವು ಕೊಟ್ಟು, ಜೋತುಬಿದ್ದು ಮೈ ಬಿಸಿ ಮಾಡಿಕೊಂಡು, ಎರಡೇ ಪ್ರಯತ್ನ. ಫೋನ್ ಪಕ್ಕದಿಂದ ವಿಡಿಯೋ ತೆಗೆಯಲಿ.

ಹತ್ತು ಸೆಕೆಂಡಿನ ನೆಗೆಟಿವ್ ಮೂರು, ಅದೂ ಮೂರನೆಯ ತುಂಡು ಬೀಳದೆ, ಜೊತೆಗೆ 13ರ ಬ್ಯಾಂಡ್ ಪಾದಕ್ಕೆ ಹಾಕಿ ಕೆಳಗೆ ನಿಂತು ಐದು. ಇಷ್ಟು ಬಂದವರಿಗೆ ಪುಲ್-ಅಪ್ ಹತ್ತಿರ ಇದೆ.

ಬರದಿದ್ದರೆ ವಿಡಿಯೋದಲ್ಲಿ ಎಲ್ಲಿ ನಿಂತಿರಿ ಅಂತ ನೋಡಿ. ಅಲುಗಾಡದೇ ಹೋದರೆ ಅಥವಾ ಮೂರ್ನಾಲ್ಕು ಇಂಚಿಗೇ ನಿಂತರೆ ಕೆಳಭಾಗ ಸೋತಿದೆ. ತಲೆ ಬಾರ್ ಮಟ್ಟಕ್ಕೆ ಬಂದು ನಿಂತರೆ ಮೇಲಿನ ಭಾಗ. ಮೇಲಿನದಕ್ಕೆ ಔಷಧ ಸುಲಭ. ಗದ್ದ ಬಾರ್ ಮೇಲಿಟ್ಟು ಹತ್ತು ಸೆಕೆಂಡ್ ನಿಲ್ಲುವುದನ್ನು ಪ್ರತಿ ನೆಗೆಟಿವ್‌ನ ಶುರುವಿಗೆ ಸೇರಿಸಿ, ಬ್ಯಾಂಡನ್ನು ಮೊಣಕಾಲಿಗೆ ಬದಲಿಸಿ.

ಅಕ್ಕನ ಮಗನದು ಮತ್ತೆ ಕೆಳಭಾಗವೇ. ಒಂಬತ್ತನೇ ವಾರದ ಪರೀಕ್ಷೆಯಲ್ಲಿ ಒಂದು ಗೇಣು ಎದ್ದು ನಿಂತ. ಅವನಿಗೆ ಎರಡು ವಾರ ಬ್ಯಾಂಡಿನ ದಿನ ಇದೊಂದನ್ನು ಕೊಟ್ಟೆ. 13ರ ಬ್ಯಾಂಡ್ ಮೊಣಕಾಲಿಗೆ. ನೆಟ್ಟಗೆ ಜೋತುಬಿದ್ದು ಅಲ್ಲಿಂದ ಮೊಣಕೈ ಅರ್ಧ ಮಡಚುವ ತನಕ ಮಾತ್ರ ಏಳಬೇಕು, ಎರಡು ಸೆಕೆಂಡ್ ನಿಂತು ಇಳಿಯಬೇಕು. ನಾಲ್ಕು ನಾಲ್ಕರಂತೆ ನಾಲ್ಕು ಸುತ್ತು. ಮೇಲಿನ ಅರ್ಧಕ್ಕೆ ಹೋಗಲೇ ಇಲ್ಲ. ಅದು ನೆಗೆಟಿವ್‌ನಲ್ಲಿ ಆಗುತ್ತಿತ್ತಲ್ಲ. ಈ ನಡುವೆ ತೂಕವೂ 76ರಿಂದ 74ಕ್ಕೆ ಇಳಿದಿತ್ತು. ಬೇಕಂತ ಇಳಿಸಿದ್ದಲ್ಲ, ರಾತ್ರಿ ಹೊತ್ತು ಹೊರಗಿನ ಬಿರಿಯಾನಿ ಕಡಿಮೆಯಾಗಿತ್ತು. ಆ ಎರಡು ಕೆಜಿಯೂ ಲೆಕ್ಕಕ್ಕೆ ಬರುತ್ತದೆ. ಪುಲ್-ಅಪ್‌ನಲ್ಲಿ ಎತ್ತಬೇಕಾದದ್ದು ನಿಮ್ಮನ್ನೇ ತಾನೆ. ಆದರೆ ಉಪವಾಸ ಬಿದ್ದು ತೂಕ ಇಳಿಸಿದರೆ ಶಕ್ತಿಯೂ ಜೊತೆಗೆ ಹೋಗುತ್ತದೆ.

ಹನ್ನೆರಡನೇ ವಾರದ ಶನಿವಾರ, ಬೆಳಗ್ಗೆ ಆರೂವರೆಗೆ, ಎರಡನೇ ಪ್ರಯತ್ನದಲ್ಲಿ ಗದ್ದ ಬಾರ್ ದಾಟಿತು. ವಿಡಿಯೋ ನೋಡಿದರೆ ಐದು ಸೆಕೆಂಡ್ ಹಿಡಿದಿತ್ತು, ನಡುವೆ ಒಮ್ಮೆ ನಿಂತೂ ಇತ್ತು. ಕಾಲು ಒದ್ದಿರಲಿಲ್ಲ, ಹಾಗಾಗಿ ಲೆಕ್ಕಕ್ಕೆ ಹಿಡಿದೆ.

ಅಂಗೈ ನಿಮ್ಮ ಕಡೆ ತಿರುಗಿಸಿ ಹಿಡಿದರೆ ಸುಲಭ, ಅದರಲ್ಲಿ ಮೊದಲು ಮಾಡಲಾ ಅಂತ ಕೆಲವರು ಕೇಳುತ್ತಾರೆ. ಮಾಡಬಹುದು. ಅದು ಚಿನ್-ಅಪ್. ತೋಳಿನ ಮುಂಭಾಗದ ಸ್ನಾಯು ಜಾಸ್ತಿ ಸೇರಿಕೊಳ್ಳುತ್ತದೆ, ಬಹಳ ಜನರಿಗೆ ಒಂದೆರಡು ವಾರ ಮೊದಲೇ ಬರುತ್ತದೆ. ಆದರೆ ಸೈನ್ಯದ ರ‍್ಯಾಲಿಗೆ ತಯಾರಾಗುವ ಹುಡುಗರು ಅಂಗೈ ಆಚೆ ಹಿಡಿದೇ ಅಭ್ಯಾಸ ಮಾಡಿ. ಅಲ್ಲಿ ಬೀಮ್‌ಗೆ, ಅಂದರೆ ಪುಲ್-ಅಪ್ ಪರೀಕ್ಷೆಗೆ, ಅಂಕ ಶುರುವಾಗುವುದೇ ಆರರಿಂದ, ಪೂರ್ತಿ ಅಂಕಕ್ಕೆ ಹತ್ತು ಬೇಕು. ಹಿಡಿತ ಬದಲಿಸಲು ಕೊನೆಯಲ್ಲಿ ಸಮಯ ಇರುವುದಿಲ್ಲ.

ಮೊದಲನೆಯದು ಬಂದ ಮಾರನೇ ವಾರ

ಎರಡನೆಯದನ್ನು ತಕ್ಷಣ ಬೆನ್ನಟ್ಟಬೇಡಿ. ಒಂದು ಮಾಡಿ, ಇಳಿದು, ಮೂರು ನಿಮಿಷ ಕೂತು, ಮತ್ತೆ ಒಂದು. ಹೀಗೆ ದಿನಕ್ಕೆ ಮೂರು ಒಂಟಿ ಪುಲ್-ಅಪ್‌ನಿಂದ ಶುರು ಮಾಡಿ ಐದಕ್ಕೆ ಏರಿಸಿ. ನೆಗೆಟಿವ್ ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಬ್ಯಾಂಡ್ ದಿನ ಹಾಗೇ ಇರಲಿ. ಐದು ಒಂಟಿಗಳೂ ಕಾಲು ಒದೆಯದೆ, ನಡುವೆ ನಿಲ್ಲದೆ ಬಂದ ದಿನ, ಮೊದಲನೆಯದರ ಕೆಳಗೆ ಬಂದಾಗ ಕೈ ಬಿಡದೆ ಎರಡು ಸೆಕೆಂಡ್ ನಿಂತು ಮತ್ತೊಮ್ಮೆ ಎಳೆದು ನೋಡಿ. ಅಕ್ಕನ ಮಗನಿಗೆ ಅದು ಬರಲು ಇನ್ನೂ ಹದಿನೆಂಟು ದಿನ ಹಿಡಿಯಿತು.